ಇಕ್ಕಟ್ಟಾದ ಪ್ಯಾಸೇಜಿಗೆ, ಕತ್ತಲ ಮೆಟ್ಟಿಲಿಗೆ ಎಂಥ ಬಣ್ಣ?

ಬೆಂಗಳೂರಿನಲ್ಲಿ 20×30 ಅಡಿಯ ನಿವೇಶನದಲ್ಲಿ ಮನೆ ಕಟ್ಟುವಾಗ ಹಾಲು, ಅಡುಗೆಮನೆ, ಮಲಗುವ ಕೋಣೆಗಳಿಗೆ ಜಾಗ ಹಂಚಿ ಉಳಿದ ಚೂರುಪಾರು ಪ್ಯಾಸೇಜಿಗೂ ಮೆಟ್ಟಿಲಿಗೂ ಸಿಗುತ್ತದೆ. ಪ್ಯಾಸೇಜಿನ ಅಗಲ ಮೂರೂಕಾಲು ಅಡಿ, ಎತ್ತರ ಹತ್ತು ಅಡಿ. ಅಗಲಕ್ಕಿಂತ ಎತ್ತರ ಮೂರು ಪಟ್ಟು ಇರುವ ಇಂಥ ಜಾಗ ಸೀಳಿನ ಹಾಗೆ ಕಾಣುತ್ತದೆ. ಪಕ್ಕದ ಮನೆಯ ಗೋಡೆ ಕೈಗೆಟಕುವಷ್ಟು ಹತ್ತಿರವಿರುವುದರಿಂದ ಕಿಟಕಿ ಇಟ್ಟರೂ ಬೆಳಕು ಅಷ್ಟಕ್ಕಷ್ಟೇ. ಹಗಲು ಬೆಳಕೇನಾದರೂ ಬರುವುದಿದ್ದರೆ ಒಂದು ತುದಿಯಲ್ಲಿ ಹಾಲಿನಿಂದ, ಇಲ್ಲವೇ ಮೇಲೆ ತಾರಸಿಗೆ ತೆರೆಯುವ ಹೆಡ್‌ರೂಮಿನ ಬಾಗಿಲಿನಿಂದ.

ಬಣ್ಣದಿಂದ ಗೋಡೆ ಒಂದು ಅಂಗುಲವೂ ಸರಿಯುವುದಿಲ್ಲ, ಇಲ್ಲದ ಬೆಳಕೂ ಹುಟ್ಟುವುದಿಲ್ಲ. ಆದರೆ ತುದಿಯಲ್ಲಿ ಬಂದ ಬೆಳಕು ಎಷ್ಟು ದೂರ ಒಳಗೆ ಹೋಗಬೇಕು, ಗೋಡೆ ಎಲ್ಲಿದೆ ಎಂದು ಕಣ್ಣು ಅಂದಾಜು ಮಾಡಬೇಕು, ಇವೆರಡೂ ಬಹುಮಟ್ಟಿಗೆ ಬಣ್ಣದ ಕೈಯಲ್ಲಿವೆ.

ಮೊದಲು ಬೆಳಕಿನ ವಿಷಯ. ಅಗಲವಾದ ಹಾಲಿನಲ್ಲಿ ಕಿಟಕಿಯ ಬೆಳಕು ಬಹಳಷ್ಟು ನೇರವಾಗಿಯೇ ನೆಲಕ್ಕೆ, ಸಾಮಾನುಗಳಿಗೆ ಬೀಳುತ್ತದೆ. ಪ್ಯಾಸೇಜಿನಲ್ಲಿ ಹಾಗಾಗುವುದಿಲ್ಲ. ತುದಿಯಿಂದ ಬಂದ ಬೆಳಕು ಎಡಗೋಡೆಗೆ ಬಡಿದು ಬಲಗೋಡೆಗೆ, ಅಲ್ಲಿಂದ ಮತ್ತೆ ಎಡಕ್ಕೆ ಪುಟಿಯುತ್ತಲೇ ಒಳಗೆ ಸಾಗಬೇಕು. ಒಂದೊಂದು ಪುಟಿತಕ್ಕೂ ಗೋಡೆ ತನ್ನ ಪಾಲಿನ ಸುಂಕ ಹಿಡಿದುಕೊಳ್ಳುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಪಾಲು ಹಿಂದಿರುಗಿಸುವ ತಿಳಿ ಬಣ್ಣವಾದರೆ ಮೊದಲ ಪುಟಿತದ ನಂತರ 80, ಎರಡನೆಯದಕ್ಕೆ 64, ಮೂರನೆಯದಕ್ಕೆ 51 ಪಾಲು ಉಳಿಯುತ್ತದೆ. ಅರ್ಧ ಬೆಳಕನ್ನಷ್ಟೇ ಹಿಂದಿರುಗಿಸುವ ಮಧ್ಯಮ ಬಣ್ಣವಾದರೆ 50, 25, ಮೂರನೆಯ ಪುಟಿತಕ್ಕೆ ಬರೀ 12 ಪಾಲು ಚಿಲ್ಲರೆ. ಷೇಡ್ ಕಾರ್ಡಿನ ಮೇಲೆ ಅಕ್ಕಪಕ್ಕ ಇಟ್ಟಾಗ ಈ ಎರಡು ಬಣ್ಣಗಳ ನಡುವೆ ಅಂಥ ಅಂತರ ಕಾಣುವುದಿಲ್ಲ. ಪ್ಯಾಸೇಜಿನ ನಡುವೆ ನಿಂತಾಗ ಮಾತ್ರ ಒಂದರ ಬೆಳಕು ಇನ್ನೊಂದರ ನಾಲ್ಕು ಪಟ್ಟು.

ಹೀಗೆ ಹಿಂದಿರುಗುವ ಬೆಳಕಿನ ಪಾಲನ್ನು ಬಣ್ಣದ ಕಂಪನಿಗಳು ಎಲ್‌ಆರ್‌ವಿ ಎಂಬ ಸಂಖ್ಯೆಯಲ್ಲಿ ಹೇಳುತ್ತವೆ. ಸೊನ್ನೆ ಎಂದರೆ ಕಡುಗಪ್ಪು, ನೂರು ಎಂದರೆ ಪರಿಪೂರ್ಣ ಬಿಳಿ. ಡಬ್ಬಿಯಲ್ಲಿ ಸಿಗುವ ಒಳ್ಳೆಯ ಬಿಳಿ ಬಣ್ಣ 85ರ ಆಸುಪಾಸಿನಲ್ಲಿರುತ್ತದೆ. ಹಲವು ಕಂಪನಿಗಳ ಜಾಲತಾಣದಲ್ಲಿ ಆಯಾ ಬಣ್ಣದ ಹೆಸರಿನ ಕೆಳಗೆ ಈ ಸಂಖ್ಯೆ ಸಿಗುತ್ತದೆ. ಪ್ಯಾಸೇಜಿನ ಗೋಡೆಯ ಮೇಲ್ಭಾಗಕ್ಕೆ 75ಕ್ಕಿಂತ ಕೆಳಗಿನ ಬಣ್ಣ ಆರಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಪುಟಿತದಿಂದ ಇನ್ನೊಂದು ಪರಿಣಾಮವೂ ಇದೆ, ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಬೆಳಕು ಪುಟಿದಷ್ಟೂ ಬಣ್ಣ ಗಾಢವಾಗುತ್ತದೆ. ಒಂದು ಹಳದಿ ಮಿಶ್ರಿತ ಕ್ರೀಮ್ ಬಣ್ಣ ಬೆಳಕಿನ ಕೆಂಪು ಅಂಶದಲ್ಲಿ 85 ಪಾಲನ್ನೂ ನೀಲಿ ಅಂಶದಲ್ಲಿ 60 ಪಾಲನ್ನೂ ಹಿಂದಕ್ಕೆ ಕಳಿಸುತ್ತದೆ ಎಂದುಕೊಂಡರೆ, ಮೂರು ಪುಟಿತದ ನಂತರ ಕೆಂಪು 61 ಉಳಿದರೆ ನೀಲಿ 22ಕ್ಕೆ ಇಳಿದಿರುತ್ತದೆ. ಅಂಗಡಿಯಲ್ಲಿ ಮೆದು ಕ್ರೀಮಾಗಿ ಕಂಡದ್ದು ಮನೆಯ ಪ್ಯಾಸೇಜಿನಲ್ಲಿ ಅರಿಸಿನವಾಗುವುದು ಇದರಿಂದ. ತಿಳಿ ಗುಲಾಬಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ತಿಳಿ ಹಸಿರು ಆಸ್ಪತ್ರೆಯನ್ನು ನೆನಪಿಸುತ್ತದೆ. ಬಣ್ಣ ಕಲಸಿಕೊಟ್ಟ ಅಂಗಡಿಯವರನ್ನು ಇದಕ್ಕೆ ಬಯ್ಯುವುದುಂಟು. ತಪ್ಪು ಅವರದಲ್ಲ, ಎದುರುಬದುರು ನಿಂತ ಎರಡು ಗೋಡೆಗಳದು.

ಇದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬಹುದು. ಒಂದೇ ಬಣ್ಣದ ಎರಡು ಷೇಡ್ ಕಾರ್ಡುಗಳನ್ನು ಅರ್ಧ ತೆರೆದ ಪುಸ್ತಕದಂತೆ ಎದುರುಬದುರು ಹಿಡಿದು ಮಡಿಕೆಯ ಒಳಮೂಲೆಯನ್ನು ನೋಡಿದರೆ ಅಲ್ಲಿ ಬಣ್ಣ ಕಾರ್ಡಿನ ಅಂಚಿಗಿಂತ ಗಾಢವಾಗಿರುತ್ತದೆ. ಪ್ಯಾಸೇಜಿನಲ್ಲಿ ಕಾಣಲಿರುವುದು ಹೆಚ್ಚುಕಡಿಮೆ ಆ ಮೂಲೆಯ ಬಣ್ಣ. ಅದು ಹಿಡಿಸದಿದ್ದರೆ ಅದೇ ಸಾಲಿನಲ್ಲಿ ಒಂದೆರಡು ಹೆಜ್ಜೆ ತಿಳಿಯಾದದ್ದನ್ನು, ಜೊತೆಗೆ ತುಸು ಬೂದು ಬೆರೆತದ್ದನ್ನು ಆರಿಸಬೇಕು. ಗೋಡೆಯ ಮೇಲೆ ಮಾದರಿ ಹಚ್ಚುವುದಾದರೂ ಒಂದೇ ಗೋಡೆಗೆ ಅಂಗೈಯಗಲ ಹಚ್ಚಿ ಪ್ರಯೋಜನವಿಲ್ಲ. ಎರಡೂ ಗೋಡೆಗಳ ಮೇಲೆ ನೇರ ಎದುರಿಗೆ ಎರಡೆರಡು ಅಡಿ ಚೌಕ ಹಚ್ಚಿ, ಒಣಗಿದ ಮೇಲೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ದೀಪದಡಿ ನೋಡಬೇಕು.

ಬಣ್ಣ ಬೆಚ್ಚಗಿರಬೇಕೇ ತಣ್ಣಗಿರಬೇಕೇ ಎಂಬುದನ್ನು ಬೆಳಕು ಬರುವ ದಿಕ್ಕು ಮತ್ತು ನೆಲ ಸೇರಿ ತೀರ್ಮಾನಿಸುತ್ತವೆ. ಹೆಡ್‌ರೂಮಿನಿಂದ ಇಳಿಯುವುದು ಬಹುತೇಕ ಆಕಾಶದ ಬೆಳಕು, ಅದರಲ್ಲಿ ನೀಲಿಯ ಛಾಯೆಯಿದೆ. ಅಲ್ಲಿ ಅಪ್ಪಟ ಬಿಳಿ ಬಳಿದರೆ ಗೋಡೆ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಹಾಲುಕೆನೆಯ, ದಂತದ ಛಾಯೆಯ ಬಿಳಿ ಅದನ್ನು ಸರಿದೂಗಿಸುತ್ತದೆ. ಪಡುವಣ ಬಿಸಿಲು ಬರುವ ಪ್ಯಾಸೇಜಿಗೆ ಅದೇ ದಂತದ ಬಣ್ಣ ಸಂಜೆ ಹೊತ್ತಿಗೆ ಹಳದಿ ಹಿಡಿಯುತ್ತದೆ. ಇಲ್ಲಿ ತುಸು ಬೂದು ಅಥವಾ ತುಸು ಹಸಿರು ಬೆರೆತ ಬಿಳಿ ವಾಸಿ. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಗೋಡೆಯ ಕೆಳಭಾಗಕ್ಕೆ ಕೆಂಪು ಛಾಯೆ ಎಸೆಯುತ್ತದೆ. ಅಂಥ ಕಡೆ ಗುಲಾಬಿ ಮೂಲದ ಬಿಳಿ ಬೇಡ. ಮೆಟ್ಟಿಲಿಗೆ ಕಪ್ಪು ಗ್ರಾನೈಟ್ ಹಾಸಿದ್ದರೆ ಬಿದ್ದ ಬೆಳಕೆಲ್ಲ ಅಲ್ಲೇ ಮುಗಿಯಿತು. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲಿನಂಥ ತಿಳಿ ಬೂದು ಕಲ್ಲಾದರೆ ಗೋಡೆಗೆ ಒಂದಿಷ್ಟು ಬೆಳಕು ಕೆಳಗಿನಿಂದಲೂ ಸಿಗುತ್ತದೆ. ನೆಲ ಬದಲಾಯಿಸುವುದು ಆಗದ ಮಾತಾದ್ದರಿಂದ ಕಪ್ಪು ಕಲ್ಲಿನ ಮನೆಯವರು ಗೋಡೆಯನ್ನು ಇನ್ನೊಂದು ಹೆಜ್ಜೆ ತಿಳಿಯಾಗಿಸಬೇಕಾಗುತ್ತದೆ.

ಇನ್ನು ಅಗಲದ ವಿಷಯ. ತಿಳಿ ಬಣ್ಣ ಬಳಿದ ಮೇಲ್ಮೈ ಕಣ್ಣಿಗೆ ಇದ್ದದ್ದಕ್ಕಿಂತ ತುಸು ದೂರ ಸರಿದಂತೆ ತೋರುತ್ತದೆ ಎಂಬುದು ಬಣ್ಣ ಬಳಿಯುವವರ ಹಳೆಯ ನಂಬಿಕೆ. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಕೋಣೆಗಳನ್ನು ಜನರಿಗೆ ತೋರಿಸಿ ಇದನ್ನು ಪರೀಕ್ಷಿಸಿದ್ದಾರೆ. ತಿಳಿ ಬಣ್ಣದ ಸೂರು ಹೆಚ್ಚು ಎತ್ತರವಾಗಿ ಕಾಣುತ್ತದೆ ಎಂದು 2010ರಲ್ಲೂ, ತಿಳಿ ಮೇಲ್ಮೈಗಳು ದೂರ ಸರಿದಂತೆ ಕಾಣುತ್ತವೆ ಎಂದು 2018ರಲ್ಲೂ ಅವರು ಪ್ರಕಟಿಸಿದರು. ಹಾಗೆಂದು ಪ್ಯಾಸೇಜಿನ ಆರು ಮೈಗೂ ಬಿಳಿ ಬಳಿದರೆ ಕೆಲಸ ಮುಗಿಯಲಿಲ್ಲ. ಪಕ್ಕದ ಗೋಡೆಗಳು ದೂರ ಸರಿದಂತೆಯೇ ಸೂರೂ ಮೇಲಕ್ಕೆ ಹೋಗುತ್ತದೆ, ತುದಿಯ ಗೋಡೆಯೂ ಹಿಂದಕ್ಕೆ ಹೋಗುತ್ತದೆ. ಬೆಳಕು ಹೆಚ್ಚಿತು, ಆದರೆ ಆಕಾರ ಬದಲಾಗಲಿಲ್ಲ, ಸೀಳು ಸೀಳಾಗಿಯೇ ಉಳಿಯಿತು. ಅಗಲ ಕಾಣಬೇಕಾದರೆ ಎತ್ತರವನ್ನೂ ಉದ್ದವನ್ನೂ ಕೊಂಚ ಕಡಿಮೆ ಮಾಡಿ ತೋರಿಸಬೇಕು.

ಎತ್ತರ ಕುಗ್ಗಿಸಲು ಕೆಲವರು ಸೂರಿಗೇ ಗಾಢ ಬಣ್ಣ ಬಳಿಸುತ್ತಾರೆ. ಬೆಳಕು ಧಾರಾಳವಾಗಿರುವ ಮನೆಯಲ್ಲಿ ಅದು ನಡೆದೀತು. ನಮ್ಮ ಕತ್ತಲ ಪ್ಯಾಸೇಜುಗಳಲ್ಲಿ ಇರುವ ಬೆಳಕನ್ನೇ ಕಳೆದುಕೊಂಡು ಅಗಲ ಸಂಪಾದಿಸುವುದು ಲಾಭದ ವ್ಯಾಪಾರವಲ್ಲ. ಗೋಡೆಯನ್ನೇ ಅಡ್ಡಡ್ಡಲಾಗಿ ಇಬ್ಭಾಗ ಮಾಡುವುದು ಮೇಲು. ನೆಲದಿಂದ ಮೂರೂವರೆ ಅಡಿಯವರೆಗೆ ತುಸು ಗಾಢ, ಅಲ್ಲಿಂದ ಮೇಲೆ ತಿಳಿ. ಅಡ್ಡಗೆರೆ ಕಣ್ಣನ್ನು ಮೇಲಕ್ಕೆ ಏರಲು ಬಿಡದೆ ತನ್ನ ಮಟ್ಟದಲ್ಲೇ ಹಿಡಿದಿಡುತ್ತದೆ. ಸರ್ಕಾರಿ ಶಾಲೆ, ಕಚೇರಿಗಳ ಗೋಡೆಗೆ ಸೊಂಟದೆತ್ತರದವರೆಗೆ ಆಯಿಲ್ ಪೇಂಟ್ ಬಳಿದದ್ದನ್ನು ನೋಡದವರಿಲ್ಲ. ಅದಕ್ಕೂ ಹಿಂದೆ ಹಳ್ಳಿಯ ಮನೆಗಳಲ್ಲಿ ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯುತ್ತಿದ್ದರು. ಎರಡರ ಉದ್ದೇಶವೂ ಕೊಳೆ ಮರೆಮಾಡುವುದೇ. ಪ್ಯಾಸೇಜಿನಲ್ಲಿ ಆ ಉಪಯೋಗವೂ ಸಣ್ಣದಲ್ಲ, ಏಕೆಂದರೆ ಮಕ್ಕಳ ಕೈ, ಶಾಲೆಯ ಬ್ಯಾಗು, ತರಕಾರಿ ಚೀಲ ಎಲ್ಲ ಉಜ್ಜಿಕೊಂಡು ಹೋಗುವುದು ಆ ಮೂರೂವರೆ ಅಡಿಯೊಳಗೇ. ಆದರೆ ಆಫೀಸಿನ ಆಯಿಲ್ ಪೇಂಟಿನಷ್ಟು ಗಾಢ ಬೇಡ. ಮೇಲಿನದು 80ರ ಬಣ್ಣವಾದರೆ ಕೆಳಗಿನದು 55ರಿಂದ 60ರೊಳಗೆ, ಅದೇ ಬಣ್ಣದ ಕುಟುಂಬದ್ದಾಗಿರಲಿ. ಅದಕ್ಕಿಂತ ಕೆಳಗಿಳಿದರೆ ಕೆಳಪಟ್ಟಿ ಎರಡೂ ಕಡೆಯಿಂದ ಒಳಕ್ಕೆ ಒತ್ತಿದಂತೆ ಕಾಣತೊಡಗುತ್ತದೆ.

ಉದ್ದ ಕುಗ್ಗಿಸುವುದು ತುದಿಯ ಗೋಡೆಯ ಕೆಲಸ. ಪಕ್ಕದ ಗೋಡೆಗಳಿಗಿಂತ ಗಾಢವಾದ, ಬೆಚ್ಚನೆಯ ಬಣ್ಣ ಅದಕ್ಕೆ ಬಳಿದರೆ ಅದು ಹತ್ತಿರ ಬಂದಂತೆ ಕಾಣುತ್ತದೆ, ಸುರಂಗದ ಭಾವನೆ ಮುರಿಯುತ್ತದೆ. 16 ಅಡಿ ಉದ್ದದ ಪ್ಯಾಸೇಜಿನ ಒಟ್ಟು ಮೇಲ್ಮೈಯಲ್ಲಿ ಈ ಗೋಡೆಯ ಪಾಲು ನೂರಕ್ಕೆ ಏಳಕ್ಕಿಂತ ಕಡಿಮೆ, ಹಾಗಾಗಿ ಬೆಳಕಿನ ನಷ್ಟವೂ ಸ್ವಲ್ಪವೇ. ಆದರೆ ಇದಕ್ಕೊಂದು ಅಪವಾದವಿದೆ. ಹಾಲಿನ ಕಿಟಕಿಯ ಬೆಳಕು ನೇರವಾಗಿ ಬಂದು ಬಡಿಯುವುದು ಈ ತುದಿಗೋಡೆಗೇ ಆದರೆ ಇಡೀ ಪ್ಯಾಸೇಜಿಗೆ ಬೆಳಕು ಹಂಚುತ್ತಿರುವುದು ಅದೇ. ಅಂಥದ್ದನ್ನು ಗಾಢ ಮಾಡಿದರೆ ದೀಪಕ್ಕೆ ಮುಸುಕು ಹಾಕಿದಂತೆ. ಆಗ ಅದನ್ನು ತಿಳಿಯಾಗಿಯೇ ಬಿಟ್ಟು, ಒಂದು ಚಿತ್ರವನ್ನೋ ಗೂಡನ್ನೋ ಇಟ್ಟು ಕಣ್ಣಿಗೆ ನಿಲ್ಲಲು ನೆಲೆ ಕೊಟ್ಟರೆ ಸಾಕು.

ಬಾಗಿಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂರು ಕಂದು ಬಾಗಿಲುಗಳು ಗೋಡೆಯನ್ನು ಮೂರು ಕಡೆ ಕತ್ತರಿಸಿ ಪ್ಯಾಸೇಜನ್ನು ತುಂಡುತುಂಡು ಮಾಡುತ್ತವೆ. ಪಾಲಿಷ್ ಹಾಕಿದ ತೇಗದ ಬಾಗಿಲಿಗೆ ಬಣ್ಣ ಬಳಿಯಿರಿ ಎಂದು ಯಾರಿಗೂ ಹೇಳಲಾಗದು, ಹೇಳಲೂ ಬಾರದು. ಫ್ಲಷ್ ಡೋರುಗಳಾದರೆ ಅವುಗಳಿಗೂ ಚೌಕಟ್ಟಿಗೂ ಗೋಡೆಯ ಮೇಲ್ಭಾಗದ ಬಣ್ಣವನ್ನೇ ಎನಾಮಲ್‌ನಲ್ಲಿ ಮಾಡಿಸಿ ಬಳಿದರೆ ಗೋಡೆ ಒಂದೇ ಹಾಳೆಯಾಗಿ ಓಡುತ್ತದೆ.

ಮೇಲೆ ಹೇಳಿದ 16 ಅಡಿ ಉದ್ದ, ಮೂರೂಕಾಲು ಅಡಿ ಅಗಲ, 10 ಅಡಿ ಎತ್ತರದ ಪ್ಯಾಸೇಜಿಗೆ ಲೆಕ್ಕ ಹೀಗೆ ಬರುತ್ತದೆ. ಎರಡು ಪಕ್ಕದ ಗೋಡೆ 320 ಚದರಡಿ, ಅದರಲ್ಲಿ 3×7 ಅಡಿಯ ಮೂರು ಬಾಗಿಲು ಕಳೆದರೆ ಉಳಿಯುವುದು 257. ಕೆಳಗಿನ ಪಟ್ಟಿಗೆ ಬಾಗಿಲುಗಳನ್ನು ಬಿಟ್ಟು 80 ಚದರಡಿ, ಮೇಲ್ಭಾಗಕ್ಕೆ 177. ತುದಿಯ ಗೋಡೆ 32, ಸೂರು 52. ಒಳ್ಳೆಯ ಎಮಲ್ಷನ್ ಒಂದು ಲೀಟರಿಗೆ ಎರಡು ಕೋಟಿನಲ್ಲಿ ಸುಮಾರು 130 ಚದರಡಿ ಬರುತ್ತದೆ. ಮೇಲ್ಭಾಗಕ್ಕೆ ಒಂದೂವರೆ ಲೀಟರ್ ಸಾಕಾದರೂ ಎರಡು ಲೀಟರ್ ಕೊಳ್ಳಬೇಕು. ತುದಿಯ ಗೋಡೆಗೆಂದು ಬೇರೆ ಬಣ್ಣ ಆರಿಸಿದರೆ ಕಾಲು ಲೀಟರಿನ ಕೆಲಸಕ್ಕೆ ಒಂದು ಲೀಟರ್ ಕಲಸಿಸಬೇಕಾಗುತ್ತದೆ. ಅದರ ಬದಲು ಕೆಳಪಟ್ಟಿಯ ಬಣ್ಣವನ್ನೇ ತುದಿಯ ಗೋಡೆಗೆ ಪೂರ್ತಿ ಎತ್ತರಕ್ಕೆ ಬಳಿದರೆ ಎರಡೂ ಸೇರಿ 112 ಚದರಡಿ, ಒಂದು ಲೀಟರಿನಲ್ಲಿ ಮುಗಿಯುತ್ತದೆ. ಹಣ ಉಳಿಯುವುದಷ್ಟೇ ಅಲ್ಲ, ನೋಡಲಿಕ್ಕೂ ಅದೇ ಚೆಂದ: ಎರಡು ಕಡೆಯ ಪಟ್ಟಿ ಓಡಿಬಂದು ತುದಿಯಲ್ಲಿ ಒಂದೇ ಬಣ್ಣದ ಗೋಡೆಯಾಗಿ ನಿಲ್ಲುತ್ತದೆ.

ಮೆಟ್ಟಿಲ ಗೋಡೆಯಲ್ಲಿ ಇದೇ ತತ್ವಗಳು ಬೇರೆ ರೂಪ ತಾಳುತ್ತವೆ. ಅಲ್ಲಿ ಬೆಳಕು ಮೇಲಿನಿಂದ ಇಳಿಯುವುದರಿಂದ ಹೆಡ್‌ರೂಮಿನ ಒಳಗೋಡೆಗಳು ಮತ್ತು ಸೂರು ಅತ್ಯಂತ ತಿಳಿಯಾಗಿರಬೇಕು. ಹೆಡ್‌ರೂಮ್ ಹೊರಗಿನದೆಂದು ಬಗೆದು ಉಳಿದ ಬಣ್ಣವನ್ನೋ ಸಿಮೆಂಟ್ ಪೇಂಟನ್ನೋ ಬಳಿದು ಮುಗಿಸುವುದು ವಾಡಿಕೆ. ಮನೆಯ ಬೆಳಕಿನ ಬಾಯಿಯನ್ನೇ ಅದು ಮುಚ್ಚುತ್ತದೆ. ಇನ್ನೊಂದು ಮರೆತ ಜಾಗ ಎಂದರೆ ಮೇಲಿನ ಮೆಟ್ಟಿಲ ಸಾಲಿನ ಅಡಿಭಾಗ. ಕೆಳಗಿನ ಸಾಲನ್ನು ಏರುವವರಿಗೆ ಅದೇ ಸೂರು, ತಲೆಗೆ ಹತ್ತಿರವಾಗಿ ಇಳಿಜಾರಾಗಿರುತ್ತದೆ. ಅದಕ್ಕೆ ಸೂರಿನ ಬಿಳಿಯನ್ನೇ ಬಳಿದರೆ ಲ್ಯಾಂಡಿಂಗಿನ ಬೆಳಕು ಅದಕ್ಕೆ ತಾಗಿ ಮೆಟ್ಟಿಲುಗಳ ಮೇಲೆ ಬೀಳುತ್ತದೆ, ತಲೆಯ ಮೇಲಿನ ಭಾರವೂ ಇಳಿಯುತ್ತದೆ.

ಮೆಟ್ಟಿಲ ಗೋಡೆಗೆ ಎರಡು ಬಣ್ಣ ಮಾಡುವುದಾದರೆ ಗೆರೆ ಮೆಟ್ಟಿಲಿನ ಓಟಕ್ಕೆ ಸಮನಾಗಿ ಓರೆಯಾಗಿ ಏರಬೇಕು. ಮೊದಲ ಮತ್ತು ಕೊನೆಯ ಮೆಟ್ಟಿಲಿನ ಅಂಚಿನಿಂದ ನೇರ ಮೇಲಕ್ಕೆ ಮೂರು ಅಡಿ ಅಳೆದು ಗುರುತು ಮಾಡಿ, ಎರಡರ ನಡುವೆ ಬಣ್ಣದ ಪುಡಿ ಹಚ್ಚಿದ ದಾರ ಬಿಗಿದು ಬಡಿದರೆ ಗೆರೆ ಸಿಗುತ್ತದೆ. ಲ್ಯಾಂಡಿಂಗಿನಲ್ಲಿ ನೆಲದಿಂದ ಮೂರು ಅಡಿಗೆ ಮಟ್ಟದ ಗೆರೆ. ಕೆಳಗಿನ ಸಾಲಿನ ಓರೆಗೆರೆ ಲ್ಯಾಂಡಿಂಗಿನ ಅಂಚಿನಲ್ಲಿ ಸರಿಯಾಗಿ ಇದಕ್ಕೆ ಬಂದು ಸೇರುತ್ತದೆ. ಮೇಲಿನ ಸಾಲಿನದು ಸೇರುವುದಿಲ್ಲ, ಏಕೆಂದರೆ ಅದರ ಮೊದಲ ಅಂಚು ಲ್ಯಾಂಡಿಂಗಿಗಿಂತ ಒಂದು ಮೆಟ್ಟಿಲು ಮೇಲಿರುತ್ತದೆ. ಆ ಗೆರೆಯನ್ನು ಅದೇ ಓರೆಯಲ್ಲಿ ಒಂದು ಮೆಟ್ಟಿಲಿನ ಅಗಲದಷ್ಟು ಲ್ಯಾಂಡಿಂಗಿನ ಕಡೆಗೆ ಇಳಿಸಿದರೆ ತಾನಾಗಿ ಕೂಡಿಕೊಳ್ಳುತ್ತದೆ. ಇದನ್ನು ಮಾಡದೆ ಮೂಲೆಯಲ್ಲಿ ಏಳು ಅಂಗುಲದ ನೆಗೆತ ಬಿಟ್ಟು ಹೋದ ಗೋಡೆಗಳು ಎಷ್ಟೋ ಇವೆ.

ಹದಿನೆಂಟು ಇಪ್ಪತ್ತು ಅಡಿ ಎದ್ದ ಗೋಡೆಯಲ್ಲಿ ಆ ಗೆರೆಯಿಂದ ಇನ್ನೊಂದು ಅನುಕೂಲವಿದೆ. ಮೆಟ್ಟಿಲ ಮೇಲೆ ಏಣಿ, ಹಲಗೆ ಕಟ್ಟಿಕೊಂಡು ಬಳಿಯುವ ಪೇಂಟರಿಗೆ ಇಡೀ ಗೋಡೆಯನ್ನು ಒಂದೇ ಓಟದಲ್ಲಿ ಮುಗಿಸಲು ಆಗುವುದಿಲ್ಲ. ಮೊದಲು ಬಳಿದ ಅಂಚು ಒಣಗಿದ ಮೇಲೆ ಅದಕ್ಕೆ ತಾಗಿಸಿ ಮತ್ತೆ ಬಳಿದರೆ ಆ ಜೋಡಣೆ ಮಬ್ಬು ಪಟ್ಟಿಯಾಗಿ ಎದ್ದು ಕಾಣುತ್ತದೆ. ದಿನದ ಕೆಲಸವನ್ನು ಗೆರೆಯಲ್ಲೋ ಲ್ಯಾಂಡಿಂಗಿನ ಮೂಲೆಯಲ್ಲೋ ನಿಲ್ಲಿಸಿದರೆ ಜೋಡಣೆ ಅಲ್ಲೇ ಅಡಗುತ್ತದೆ. ಇನ್ನು, ಗೋಡೆ ತಿಳಿಯಾಗಿ ಮೆಟ್ಟಿಲೂ ತಿಳಿಯಾಗಿದ್ದರೆ ಮೆಟ್ಟಿಲಿನ ಅಂಚು ಕಣ್ಣಿಗೆ ಸಿಗದೆ ವಯಸ್ಸಾದವರು ತಡವರಿಸುತ್ತಾರೆ. ಅಂಚಿನುದ್ದಕ್ಕೂ ಒಂದು ಗಾಢ ಪಟ್ಟಿ ಅಲ್ಲಿ ಇರಲೇಬೇಕು.

ಬಣ್ಣ ಎಷ್ಟೇ ಸರಿಯಾಗಿ ಆರಿಸಿದರೂ ಗೋಡೆಯ ಮೈ ಸಮವಿಲ್ಲದಿದ್ದರೆ ಪ್ಯಾಸೇಜು ಅದನ್ನು ಮುಚ್ಚಿಡುವುದಿಲ್ಲ. ಒಂದು ತುದಿಯಿಂದ ಬರುವ ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವುದರಿಂದ ಪಟ್ಟಿ ಎಳೆದ ಕರಣೆಯ ಗೆರೆ, ತಗ್ಗು, ಉಬ್ಬು ಎಲ್ಲಕ್ಕೂ ನೆರಳು ಮೂಡುತ್ತದೆ. ಹಾಲಿನಲ್ಲಿ ಚೆನ್ನಾಗಿ ಕಂಡ ಅದೇ ಮೇಸ್ತ್ರಿಯ ಕೆಲಸ ಪ್ಯಾಸೇಜಿನಲ್ಲಿ ಅಲೆಅಲೆಯಾಗಿ ಕಾಣುವುದು ಇದಕ್ಕೇ. ಎರಡು ಕೋಟು ಪಟ್ಟಿ ಎಳೆದು, ನಯವಾದ ಎಮರಿ ಕಾಗದದಿಂದ ಉಜ್ಜಿದ ಮೇಲೆ ರಾತ್ರಿ ದೀಪಗಳನ್ನೆಲ್ಲ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿ ಉದ್ದಕ್ಕೂ ಬೆಳಕು ಬಿಟ್ಟು ನೋಡಬೇಕು. ಎದ್ದುಕಂಡ ತಗ್ಗುಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿ ಮತ್ತೆ ಪಟ್ಟಿ ತುಂಬಿಸಿ ಉಜ್ಜಿಸಬೇಕು. ಪ್ರೈಮರ್ ಬಳಿದ ನಂತರ ಇನ್ನೊಮ್ಮೆ ಹೀಗೆ ನೋಡುವುದು ಒಳ್ಳೆಯದು. ಬಣ್ಣ ಬಿದ್ದ ಮೇಲೆ ಇದಕ್ಕೆ ಮದ್ದಿಲ್ಲ.

ಹೊಳಪಿನ ಬಣ್ಣ ಹೆಚ್ಚು ಬೆಳಕು ಕೊಡುತ್ತದೆಂಬ ಮಾತೂ ಇದೆ. ಹೊಳಪು ಬೆಳಕನ್ನು ಹೆಚ್ಚಿಸುವುದಿಲ್ಲ, ಒಂದೇ ಕಡೆಗೆ ಎಸೆಯುತ್ತದೆ, ಅಷ್ಟೇ. ಬಲ್ಬಿನ ಎದುರು ಒಂದು ಉರಿಯುವ ಚುಕ್ಕೆ, ಸುತ್ತ ಗೋಡೆಯ ಉಬ್ಬುತಗ್ಗುಗಳ ಮೆರವಣಿಗೆ. ಮೇಲ್ಭಾಗಕ್ಕೂ ಸೂರಿಗೂ ಮ್ಯಾಟ್ ಎಮಲ್ಷನ್ ಸರಿ, ಅದು ಬೆಳಕನ್ನು ಎಲ್ಲ ದಿಕ್ಕಿಗೂ ಹರಡುತ್ತದೆ. ಒರೆಸಬೇಕಾದ ಕೆಳಪಟ್ಟಿಗೆ ತೊಳೆಯಬಹುದಾದ, ಮೆದು ಹೊಳಪಿನ ಎಮಲ್ಷನ್ ಇರಲಿ.

ತಿಳಿ ಗೋಡೆಯಲ್ಲಿ ತೇವದ ಕಲೆ ಬೇಗ ಕಾಣುತ್ತದೆ. ಪ್ಯಾಸೇಜಿನ ಒಂದು ಗೋಡೆಯ ಹಿಂದೆ ಬಚ್ಚಲು ಇರುವುದು, ಹೆಡ್‌ರೂಮಿನ ತಾರಸಿ ಸೋರುವುದು ಎರಡೂ ಸಾಮಾನ್ಯ. ಅನುಮಾನವಿದ್ದ ಕಡೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಒಂದು ದಿನ ಬಿಟ್ಟು ತೆಗೆದರೆ, ಒಳಗೆ ಹನಿ ಕಟ್ಟಿದ್ದಲ್ಲಿ ಗೋಡೆ ಇನ್ನೂ ಒಣಗಿಲ್ಲವೆಂದು ಗೊತ್ತಾಗುತ್ತದೆ. ಅದರ ಮೇಲೆ ಬಳಿದ ಬಣ್ಣ ಉಪ್ಪು ಬಿಟ್ಟು ಸುಲಿಯುತ್ತದೆ. ಹೊಸ ಗಾರೆಗೆ ಕನಿಷ್ಠ 28 ದಿನ ಬಿಡಬೇಕೆಂಬುದೂ ಇದೇ ಕಾರಣಕ್ಕೆ.

ರಾತ್ರಿಯ ದೀಪವನ್ನು ಬಣ್ಣದ ಜೊತೆಗೇ ಆರಿಸಬೇಕು. ನಮ್ಮಲ್ಲಿ ಹೆಚ್ಚು ಮಾರಾಟವಾಗುವ 6500 ಕೆಲ್ವಿನ್‌ನ ನೀಲಿಬಿಳಿ ಎಲ್‌ಇಡಿ ಬಲ್ಬಿನಡಿ ದಂತದ ಬಣ್ಣ ಹಸಿರುಗಟ್ಟಿ ಸೊರಗುತ್ತದೆ. 4000 ಕೆಲ್ವಿನ್‌ನ ಬಲ್ಬಿನಡಿ ತಿಳಿಯಾಗಿ ಉಳಿಯುತ್ತದೆ, 3000ದಲ್ಲಿ ಇನ್ನಷ್ಟು ಬೆಚ್ಚಗಾಗುತ್ತದೆ. ಪ್ಯಾಸೇಜಿನ ನಡುವೆ ಒಂದೇ ದೊಡ್ಡ ದೀಪವಿದ್ದರೆ ಎರಡು ತುದಿಗಳೂ ಕತ್ತಲು. ಅದೇ ವ್ಯಾಟುಗಳನ್ನು ಹಂಚಿ ಮೂರು ಸಣ್ಣ ದೀಪ ಹಾಕಿ ಬೆಳಕು ಗೋಡೆಗಳಿಗೆ ಬೀಳುವಂತೆ ಮಾಡಿದರೆ ಬಳಿದ ತಿಳಿ ಬಣ್ಣ ರಾತ್ರಿಯೂ ದುಡಿಯುತ್ತದೆ.

ಕೆಲಸ ಮುಗಿದ ಮೇಲೆ ಉಳಿದ ಅರ್ಧ ಲೀಟರನ್ನು ಗಾಳಿಯಾಡದಂತೆ ಮುಚ್ಚಿ, ಮುಚ್ಚಳದ ಮೇಲೆ ಬಣ್ಣದ ಸಂಖ್ಯೆ ಮತ್ತು ತಿಂಗಳು ಬರೆದಿಡುವುದು ಲೇಸು. ಆದರೂ ಒಂದೆರಡು ವರ್ಷದ ನಂತರ ಮ್ಯಾಟ್ ಗೋಡೆಯ ನಡುವೆ ತೇಪೆ ಹಚ್ಚಿದರೆ ಸವರುವ ಬೆಳಕಿನಲ್ಲಿ ಅದು ತೇಪೆಯಾಗಿಯೇ ಕಾಣುತ್ತದೆ. ಕಲೆಯಾದ ಭಾಗವನ್ನು ಒಂದು ಬಾಗಿಲಿನ ಚೌಕಟ್ಟಿನಿಂದ ಇನ್ನೊಂದರವರೆಗೆ, ಗೆರೆಯಿಂದ ಸೂರಿನವರೆಗೆ ಪೂರ್ತಿಯಾಗಿ ಬಳಿಸುವುದೇ ಸರಿ. ಅಷ್ಟಕ್ಕೆ ಆ ಅರ್ಧ ಲೀಟರ್ ಸಾಕಾಗುತ್ತದೆ.